ಬಾಯಿ ತುಂಬಾ ಗುಳ್ಳೆ, ನೀರೂ ಕುಡಿಯುತ್ತಿಲ್ಲ. 20 ತಿಂಗಳ ಮಗ, ಹುಬ್ಬಳ್ಳಿ

ಕೇಶ್ವಾಪುರದ ಅಮ್ಮ | ಗುರುವಾರ ಸಂಜೆ 6:10

ಮಗನಿಗೆ 20 ತಿಂಗಳು, ತೂಕ 11 ಕೆಜಿ. ಮಂಗಳವಾರ ರಾತ್ರಿ ಜ್ವರ ಬಂತು. ಬುಧವಾರ ಇಡೀ ದಿನ ಜೊಲ್ಲು ಸುರಿಸುತ್ತಿದ್ದ. ದವಡೆ ಹಲ್ಲು ಬರ್ತಿರಬೇಕು ಅಂದುಕೊಂಡು ಸುಮ್ನಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಅಂಗೈ, ಅಂಗಾಲು, ಕುಂಡೆ ಮೇಲೆಲ್ಲ ಕೆಂಪು ಕೆಂಪು ಗುಳ್ಳೆ. ಬಾಯಿ ತೆರೆದಾಗ ಟಾರ್ಚ್ ಹಿಡಿದು ನೋಡಿದೆ. ಕಿರುನಾಲಿಗೆ ಹತ್ತಿರ ನಾಲ್ಕೈದು ಹುಣ್ಣು, ನಾಲಿಗೆ ಅಂಚಿಗೆ ಎರಡು. ನಡುವೆ ಬೂದು ಹಳದಿ, ಸುತ್ತ ಕೆಂಪು ಉಂಗುರ.

ಮಧ್ಯಾಹ್ನ ಡಾಕ್ಟರಿಗೆ ತೋರಿಸಿದೆವು. ಕೈ ಕಾಲು ಬಾಯಿ ರೋಗ, ವೈರಸ್‌ನಿಂದ ಬರೋದು, ಒಂದು ವಾರದಲ್ಲಿ ತಾನೇ ಹೋಗುತ್ತೆ, ನೀರು ಚೆನ್ನಾಗಿ ಕುಡಿಸಿ ಅಂದರು. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು, ಅಷ್ಟಕ್ಕೇ ಎದ್ದು ಬಂದೆವು. ಆದರೆ ನನ್ನ ಪ್ರಶ್ನೆ ಅಲ್ಲೇ ಇರೋದು. ಕುಡಿಯೋಕೇ ಬಿಡದ ಮಗುವಿಗೆ ಕುಡಿಸೋದು ಹೇಗೆ? ಗ್ಲಾಸು ಕಂಡರೆ ಸಾಕು, ಮುಖ ತಿರುಗಿಸಿ ಕಿರುಚುತ್ತಾನೆ. ಹಸಿವಿದೆ, ತಟ್ಟೆ ಕಡೆ ಕೈ ಚಾಚುತ್ತಾನೆ, ಬಾಯಿಗೆ ಇಟ್ಟ ಕೂಡಲೇ ಅಳು. ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ವಿದ್ಯಾನಗರ ಕಾಕಾ | ಸಂಜೆ 6:24

ಗಾಬರಿ ಬೇಡಮ್ಮಾ. ನಮ್ಮ ಮೊಮ್ಮಗನಿಗೂ ಬಾಯಿ ಹುಣ್ಣಾಗಿತ್ತು. ಮೆಡಿಕಲ್ ಶಾಪ್‌ನಲ್ಲಿ ಬಾಯಿ ಹುಣ್ಣಿಗೆ ಹಚ್ಚೋ ಜೆಲ್ ಸಿಗುತ್ತೆ, ಹಚ್ಚಿದರೆ ಜಾಗ ಮರಗಟ್ಟುತ್ತೆ, ಆಮೇಲೆ ಆರಾಮಾಗಿ ಉಣ್ಣುತ್ತಾನೆ. ಜೊತೆಗೆ ಒಂದು ಆಂಟಿಬಯೋಟಿಕ್ ಸಿರಪ್ ಐದು ದಿನ. ಉಣ್ಣೋ ಮುಂಚೆ ನೋವು ಕಮ್ಮಿ ಮಾಡಬೇಕು, ಅಷ್ಟೇ ಗುಟ್ಟು.

ಹಾವೇರಿ ರೈತ | ಸಂಜೆ 6:31

ಕಾಲುಬಾಯಿ ಬೇನೆ ಅಂದಿರಲ್ಲ, ನಮ್ಮ ಎರಡು ಆಕಳಿಗೂ ಹೋದ ವರ್ಷ ಬಂದಿತ್ತು. ಗೊರಸಿನ ಸಂದಿಯಲ್ಲಿ ಹುಣ್ಣು, ಬಾಯಲ್ಲಿ ನೊರೆ, ಮೇವು ಮುಟ್ಟಲಿಲ್ಲ. ದನದ ಡಾಕ್ಟರು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆಸಿದ್ದರು. ನಿಮ್ಮ ಮನೆಗೆ ಹಾಲು ಎಲ್ಲಿಂದ ಬರುತ್ತೆ, ಆ ಕೊಟ್ಟಿಗೆ ವಿಚಾರಿಸಿ. ಹಾಲು ನಿಲ್ಲಿಸೋದು ಒಳ್ಳೇದು ಅನಿಸುತ್ತೆ.

ಸಿಸ್ಟರ್ ಧಾರವಾಡ | ಸಂಜೆ 6:45

ಮಕ್ಕಳ ವಾರ್ಡಿನಲ್ಲಿ 27 ವರ್ಷ ನರ್ಸ್ ಆಗಿದ್ದೆ, ಈಗ ನಿವೃತ್ತಿ. ಅಣ್ಣಾರ, ದನದ್ದು ಬೇರೆ, ಮಕ್ಕಳದ್ದು ಬೇರೆ. ಹೆಸರಷ್ಟೇ ಒಂದೇ ಥರ. ದನದ ವೈರಸ್ಸೇ ಬೇರೆ ಜಾತಿ. ಮಕ್ಕಳಿಗೆ ಬರೋದು ಹೆಚ್ಚಾಗಿ ಕಾಕ್ಸಾಕಿ ವೈರಸ್, ಅದು ಮಗುವಿನಿಂದ ಮಗುವಿಗೆ ಬರುತ್ತೆ, ಆಕಳಿನಿಂದ ಅಲ್ಲ. ಹಾಲು ನಿಲ್ಲಿಸಲೇಬೇಡಿ. ಈಗ ಆ ಕೂಸಿಗೆ ತಣ್ಣನೆ ಹಾಲೇ ದೊಡ್ಡ ಆಸರೆ. ಆ ಪೊಟ್ಯಾಸಿಯಂ ಪರ್ಮಾಂಗನೇಟ್ ಅಂತೂ ಮಗುವಿನ ಬಾಯಿಗೆ ಬೇಡವೇ ಬೇಡ.

ತಂಗಿ, ನನಗೆ ನಾಲ್ಕು ಮಾತು ಹೇಳು. ಕೊನೇ ಸಲ ಉಚ್ಚೆ ಹೊಯ್ದಿದ್ದು ಎಷ್ಟು ಗಂಟೆಗೆ? ಅಳುವಾಗ ಕಣ್ಣೀರು ಬರ್ತಿದೆಯಾ? ಜ್ವರದ ಸಿರಪ್ ಎಷ್ಟು ಎಂಎಲ್ ಕೊಟ್ಟೆ, ಬಾಟಲಿ ಮೇಲೆ 5 ಎಂಎಲ್‌ಗೆ ಎಷ್ಟು ಎಂಜಿ ಅಂತ ಬರೆದಿದೆ? ಇಲ್ಲಿವರೆಗೆ ಏನೇನು ಕುಡಿಸೋಕೆ ನೋಡಿದೆ?

ಕೇಶ್ವಾಪುರದ ಅಮ್ಮ | ಸಂಜೆ 6:52

ಸಿಸ್ಟರ್, ಮಧ್ಯಾಹ್ನ ಒಂದೂವರೆಗೆ ಡೈಪರ್ ಬದಲಿಸಿದಾಗ ಸ್ವಲ್ಪ ಒದ್ದೆ ಇತ್ತು. ಆಮೇಲೆ ಒಣಗೇ ಇದೆ. ಕಣ್ಣೀರು ಬರ್ತಿದೆ. ಜ್ವರ ಈಗ 100.8.

ಸಿರಪ್ ಎರಡೂವರೆ ಎಂಎಲ್ ಕೊಟ್ಟೆ, ಎರಡು ಗಂಟೆಗೆ. ಪ್ಯಾರಾಸಿಟಮಾಲ್, 5 ಎಂಎಲ್‌ಗೆ 120 ಎಂಜಿ ಅಂತಿದೆ. ಡಾಕ್ಟರು ಮನೆಯಲ್ಲಿರೋ ಸಿರಪ್ಪನ್ನೇ ಮುಂದುವರಿಸಿ ಅಂದರು. ಎರಡೂವರೆ ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು, ಆರು ತಿಂಗಳಿದ್ದಾಗ.

ಕುಡಿಸಿದ್ದು ಅಂದರೆ, ಬೆಳಿಗ್ಗೆ ಮೊಸಂಬಿ ಜ್ಯೂಸ್ ಮಾಡಿದ್ದೆ, ಶಕ್ತಿ ಬರಲಿ ಅಂತ. ಒಂದು ಗುಟುಕು ಕುಡಿದು ಕಿಟಾರನೆ ಕಿರುಚಿದ. ಅದಾದ ಮೇಲೆ ಆ ನೀಲಿ ಗ್ಲಾಸು ಕಂಡರೇ ಆಗುತ್ತಿಲ್ಲ. ಓಆರ್‌ಎಸ್ ಪುಡಿ ಒಂದು ಚಮಚ ಗ್ಲಾಸಿಗೆ ಹಾಕಿ ಕಲಸಿದೆ, ಅದನ್ನೂ ಉಗುಳಿದ. ಬಿಸಿ ಬಿಸಿ ಅನ್ನ ಸಾರು ಮಿದ್ದು ಕೊಟ್ಟೆ, ತಿನ್ನಲಿಲ್ಲ.

ಸಿಸ್ಟರ್ ಧಾರವಾಡ | ಸಂಜೆ 7:15

ತಂಗಿ, ಉತ್ತರ ನಿನ್ನ ಬರಹದಲ್ಲೇ ಇದೆ. ಮೊದಲು ಔಷಧಿ ಅಳತೆ. ಪ್ಯಾರಾಸಿಟಮಾಲ್ ವಯಸ್ಸಿಗಲ್ಲ, ತೂಕಕ್ಕೆ. ಒಂದು ಕೆಜಿಗೆ 15 ಎಂಜಿ ಹಾಕಿದರೆ ನಿನ್ನ ಮಗನಿಗೆ ಒಂದು ಸಲಕ್ಕೆ 165 ಎಂಜಿ ಬೇಕು. ನಿನ್ನ ಬಾಟಲಿಯಲ್ಲಿ ಅದು 7 ಎಂಎಲ್ ಹತ್ತಿರ. ನೀನು ಕೊಟ್ಟಿದ್ದು 60 ಎಂಜಿ. ಆರು ತಿಂಗಳಿದ್ದಾಗ ಬರೆದ ಚೀಟಿಯೇ ಇನ್ನೂ ನಡೀತಿದೆ. ಮಗು ಬೆಳೆದಿದೆ, ಡೋಸ್ ಬೆಳೆದಿಲ್ಲ. ಇದನ್ನು ನಾನು ವಾರ್ಡಿನಲ್ಲಿ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಕ್ಲಿನಿಕ್ಕಿಗೆ ಒಂದು ಫೋನ್ ಹಚ್ಚಿ 11 ಕೆಜಿ, 120ರ ಸಿರಪ್, 7 ಎಂಎಲ್ ಕೊಡಲಾ ಅಂತ ಕೇಳು. ಒಮ್ಮೆ ಕೊಟ್ಟ ಮೇಲೆ ಆರು ಗಂಟೆ ಬಿಡು, ದಿನಕ್ಕೆ ನಾಲ್ಕು ಸಲ ಮೀರಬಾರದು. ಅದೇ ಕಂಪನಿಯಲ್ಲಿ 250ರ ಬಾಟಲಿಯೂ ಇರುತ್ತೆ, ಅದರಲ್ಲಾದರೆ ಅರ್ಧಕ್ಕಿಂತ ಕಮ್ಮಿ ಎಂಎಲ್. ಹಾಗಾಗಿ ಬಾಟಲಿ ಬದಲಾದರೆ ಲೆಕ್ಕ ಮತ್ತೆ ಮಾಡಬೇಕು.

ಇಲ್ಲಿ ಈ ಸಿರಪ್ ಬರೀ ಜ್ವರಕ್ಕಲ್ಲ, ಗಂಟಲು ನೋವಿಗೆ. ಜ್ವರ ಇಳಿದರೂ ಎರಡು ಮೂರು ದಿನ ಬೇಕಾಗಬಹುದು. ಕೊಟ್ಟು ಅರ್ಧ ಮುಕ್ಕಾಲು ಗಂಟೆ ಅವನನ್ನು ಸುಮ್ನೆ ಬಿಡು. ಆಡಿಕೊಂಡಿರಲಿ, ಗ್ಲಾಸು ತೋರಿಸಲೇಬೇಡ. ಆಮೇಲೆ ಒಂದೆರಡು ತಾಸು ನೋವು ಕಡಿಮೆ ಇರುತ್ತೆ. ಕುಡಿಸೋದೆಲ್ಲ ಆ ಹೊತ್ತಿನಲ್ಲಿ.

ಎರಡನೇದು ಗ್ಲಾಸು. ಹುಣ್ಣಿಗೆ ಹುಳಿ ತಾಗಿದರೆ ಕೆಂಡ ಇಟ್ಟ ಹಾಗೆ. ಮೊಸಂಬಿ ಕುಡಿದು ಉರಿಯಿತು, ಅವನ ಲೆಕ್ಕದಲ್ಲಿ ಉರಿಸಿದ್ದು ನೀಲಿ ಗ್ಲಾಸು. ಈಗ ಅದರಲ್ಲಿ ಅಮೃತ ಕೊಟ್ಟರೂ ಕುಡಿಯಲ್ಲ. ಗ್ಲಾಸು ಎತ್ತಿಡು. ಸ್ಟೀಲ್ ವಾಟಿ, ಸಣ್ಣ ಚಮಚ, ಇಲ್ಲ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ತಗೋ. ಬಾಟಲಿ ನಿಪ್ಪಲ್ ಬೇಡ, ಚೀಪುವಾಗ ಗಂಟಲಿನ ಹುಣ್ಣು ಎಳೆಯುತ್ತೆ. ಸಿರಿಂಜನ್ನು ನಾಲಿಗೆ ಮೇಲೆ ಇಡಬೇಡ. ಟಾರ್ಚ್ ಹಿಡಿದು ಯಾವ ಕೆನ್ನೆ ಒಳಗೆ ಹುಣ್ಣಿಲ್ಲ ನೋಡು, ಆ ಕೆನ್ನೆ ಮತ್ತು ವಸಡಿನ ನಡುವೆ ಒಂದೊಂದು ಎಂಎಲ್ ಬಿಡು. ಅವನು ನುಂಗಿದ ಮೇಲೆ ಮುಂದಿನದು. ಮಲಗಿಸಿ ಬೇಡ, ಕೂರಿಸಿಕೊಂಡು ಮಾಡು.

ಓಆರ್‌ಎಸ್ ಚೆಲ್ಲಿ ಹೊಸದು ಮಾಡು. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಸಣ್ಣ ಪ್ಯಾಕೆಟ್ ಆದರೆ 200 ಎಂಎಲ್‌ಗೆ. ಚಮಚದಲ್ಲಿ ಅಂದಾಜು ಮಾಡಿದರೆ ಉಪ್ಪು ಜಾಸ್ತಿಯಾಗಿ ಹುಣ್ಣೂ ಉರಿಯುತ್ತೆ, ಮಗುವಿಗೂ ಕೆಟ್ಟದ್ದು. ಫ್ರಿಜ್‌ನಲ್ಲಿ ಇಟ್ಟು ತಣ್ಣಗೆ ಮಾಡಿ ಕೊಡು, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲು.

ಇನ್ನು ಉಚ್ಚೆ. ಒಂದೂವರೆಯಿಂದ ಎಂಟು ತಾಸು ಅಂದರೆ ರಾತ್ರಿ ಒಂಬತ್ತೂವರೆ. ಅಷ್ಟರಲ್ಲಿ ಉಚ್ಚೆ ಆಗದಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡ. ಕಿಮ್ಸ್ ಆಗಲಿ, ಹತ್ತಿರದ ಮಕ್ಕಳ ಆಸ್ಪತ್ರೆಯಾಗಲಿ, ನೇರ ಹೊರಡು. ಡೈಪರ್ ತೆಗೆದು ಹಳೇ ಹತ್ತಿ ಬಟ್ಟೆ ಕಟ್ಟು. ಈಗಿನ ಡೈಪರ್ ಎಲ್ಲ ಹೀರಿಕೊಂಡು ಒಣಗೇ ಕಾಣುತ್ತೆ, ಹೊಯ್ದನೋ ಇಲ್ಲವೋ ತಿಳಿಯಲ್ಲ.

ವಿದ್ಯಾನಗರ ಕಾಕಾ | ಸಂಜೆ 7:22

ಜೆಲ್ ಬಗ್ಗೆ ಏನೂ ಹೇಳಲಿಲ್ಲ ಸಿಸ್ಟರ್?

ಸಿಸ್ಟರ್ ಧಾರವಾಡ | ಸಂಜೆ 7:30

ಬೇಡ ಕಾಕಾ. ಉಣ್ಣೋ ಮುಂಚೆ ನೋವು ಇಳಿಸಬೇಕು ಅಂದಿರಲ್ಲ, ಆ ಮಾತು ನೂರಕ್ಕೆ ನೂರು ಸರಿ. ದಾರಿ ಮಾತ್ರ ತಪ್ಪು. ಮರಗಟ್ಟಿಸೋ ಲಿಗ್ನೋಕೇನ್ ಜೆಲ್ ಸಣ್ಣ ಮಕ್ಕಳು ನುಂಗಿಬಿಡುತ್ತಾರೆ. ಹುಣ್ಣಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತೆ, ಜಾಸ್ತಿಯಾದರೆ ಫಿಟ್ಸ್ ಬರಬಹುದು. ಗಂಟಲೇ ಮರಗಟ್ಟಿದರೆ ಕುಡಿದಿದ್ದು ಶ್ವಾಸಕ್ಕೆ ಹೋಗೋ ಭಯ ಬೇರೆ. ಇನ್ನು ಕೆಲವು ಜೆಲ್‌ನಲ್ಲಿ ಸ್ಯಾಲಿಸಿಲೇಟ್ ಇರುತ್ತೆ, ಅದು ಆಸ್ಪಿರಿನ್ ಜಾತಿ, ವೈರಸ್ ಜ್ವರದ ಮಕ್ಕಳಿಗೆ ಕೊಡಬಾರದು. ಅಲ್ಲದೆ ಹುಣ್ಣು ಇರೋದು ಕಿರುನಾಲಿಗೆ ಹತ್ತಿರ. ಅಲ್ಲಿಗೆ ಬೆರಳು ಹಾಕಿದರೆ ವಾಂತಿ ಆಗುತ್ತೆ ಅಷ್ಟೇ. ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡಲ್ಲ.

ಬೆಟಗೇರಿ ಅಕ್ಕ | ರಾತ್ರಿ 8:05

ನಮ್ಮಲ್ಲಿ ಬಿಳಿಗಾರ ಹುರಿದು ಜೇನಿನಲ್ಲಿ ಕಲಸಿ ಹಚ್ಚುತ್ತಿದ್ದರು. ನಮ್ಮ ಅತ್ತೆ ಈಗಲೂ ಅದೇ ಹೇಳ್ತಾರೆ. ಮತ್ತೆ ಜ್ವರ ಇರೋ ಕೂಸಿಗೆ ಫ್ರಿಜ್‌ನಿಂದ ತೆಗೆದಿದ್ದು ಕೊಟ್ಟರೆ ಕಫ ಕಟ್ಟಲ್ವಾ? ಮಳೆಗಾಲ ಬೇರೆ.

ಸಿಸ್ಟರ್ ಧಾರವಾಡ | ರಾತ್ರಿ 8:14

ಬಿಳಿಗಾರ ಸಣ್ಣ ಮಕ್ಕಳಿಗೆ ವಿಷ ಅಕ್ಕಾರ, ಹಳೇ ಕಾಲದ್ದು ಅಂತ ಬಿಡಬೇಡಿ. ಜೇನು ಒಂದು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ. ಏನಾದರೂ ಹಚ್ಚಲೇಬೇಕು ಅನಿಸಿದರೆ ತುಟಿಗೆ ತುಪ್ಪ ಹಚ್ಚಿ, ಒಡೆಯಲ್ಲ.

ತಣ್ಣಗಿದ್ದದ್ದು ಕೊಟ್ಟರೆ ಕಫ ಕಟ್ಟಲ್ಲ. ಕೈ ಸುಟ್ಟಾಗ ಏನು ಮಾಡ್ತೀರಿ? ತಣ್ಣೀರಿಗೆ ಇಡ್ತೀರಿ ತಾನೆ. ಹುಣ್ಣಿಗೂ ಅದೇ. ಸಾದಾ ವೆನಿಲಾ ಐಸ್‌ಕ್ರೀಮ್ ಎರಡು ಚಮಚ ಕೊಟ್ಟರೆ ಗಂಟಲು ತಂಪಾಗುತ್ತೆ, ಬೆನ್ನಿಗೇ ಹಾಲು ಕುಡಿಸಬಹುದು. ಎಳನೀರು ಐಸ್ ಟ್ರೇಯಲ್ಲಿ ಇಟ್ಟು, ಬಟ್ಟೆಯಲ್ಲಿ ಸುತ್ತಿ ಪುಡಿ ಮಾಡಿ ಚಮಚದಲ್ಲಿ ಕೊಡಿ. ಇಡೀ ಐಸ್ ಗಡ್ಡೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ನವನಗರ ಹೊಸ ಅಮ್ಮ | ರಾತ್ರಿ 8:40

ನಮ್ಮ ಪಾಪುಗೆ 8 ತಿಂಗಳು, ಅದಕ್ಕೂ ಇದೇ ಇದೆ ಅಂದರು. ಐಸ್‌ಕ್ರೀಮ್ ಕೊಡಬಹುದಾ? ಎದೆಹಾಲು ಕುಡಿಯೋಕೆ ಬಾಯಿ ಹಚ್ಚಿ ಬಿಟ್ಟು ಅಳುತ್ತೆ. ನಿಲ್ಲಿಸಿ ಬಾಟಲಿ ಕೊಡಲಾ?

ಸಿಸ್ಟರ್ ಧಾರವಾಡ | ರಾತ್ರಿ 8:48

ಐಸ್‌ಕ್ರೀಮ್ ಬೇಡ ತಂಗಿ, ಎದೆಹಾಲು ನಿಲ್ಲಿಸಬೇಡ. ಕುಡಿಯಲಾಗದ ಹೊತ್ತಲ್ಲಿ ಹಾಲು ಹಿಂಡಿ ತೆಗೆದು, ಫ್ರಿಜ್‌ನಲ್ಲಿ ತಂಪು ಮಾಡಿ ಒಳಲೆಯಲ್ಲೋ ಚಮಚದಲ್ಲೋ ಕೊಡು. ಹಿಂಡದೇ ಬಿಟ್ಟರೆ ನಿನಗೇ ಎದೆ ಕಟ್ಟುತ್ತೆ. ರಾತ್ರಿ ಅರೆನಿದ್ದೆಯಲ್ಲಿ ಮಕ್ಕಳು ಎದೆಗೆ ಚೆನ್ನಾಗಿ ಕುಡಿಯುತ್ತವೆ, ಆಗ ಪ್ರಯತ್ನಿಸು. ಇಷ್ಟು ಸಣ್ಣ ಪಾಪುಗೆ ಎಂಟು ತಾಸು ಕಾಯಬೇಡ. ಆರು ತಾಸು ಉಚ್ಚೆ ಇಲ್ಲ ಅಂದರೆ ತೋರಿಸು.

ಕೇಶ್ವಾಪುರದ ಅಮ್ಮ | ರಾತ್ರಿ 10:20

ಕ್ಲಿನಿಕ್ಕಿನಲ್ಲಿ ಫೋನ್ ಎತ್ತಿದರು, 7 ಎಂಎಲ್ ಸರಿ ಅಂದರು. 7:35ಕ್ಕೆ ಕೊಟ್ಟೆ. ಮುಕ್ಕಾಲು ಗಂಟೆ ಬಿಟ್ಟೆ. ಸಿರಿಂಜ್ ಕಂಡ ಕೂಡಲೇ ಮತ್ತೆ ಬಾಯಿ ಬಿಗಿದ. ನಾನು ಅಳೋದೊಂದು ಬಾಕಿ.

ಆಗ ಐದು ವರ್ಷದ ಮಗಳು ತನ್ನ ಗೊಂಬೆ ತಂದು ಅದಕ್ಕೆ ಸಿರಿಂಜಿನಲ್ಲಿ ನೀರು ಕುಡಿಸೋಕೆ ಶುರು ಮಾಡಿದಳು. ಗೊಂಬೆಗೆ ಒಂದು, ತಮ್ಮನಿಗೆ ಒಂದು. ಇವನು ಗೊಂಬೆ ಬಾಯಿ ನೋಡ್ತಾ ತನ್ನ ಬಾಯಿ ತೆರೆದ! ಎಡ ಕೆನ್ನೆಯಲ್ಲಿ ಹುಣ್ಣಿರಲಿಲ್ಲ, ಅಲ್ಲೇ ಒಂದೊಂದು ಎಂಎಲ್ ಬಿಟ್ಟೆ. ಮೊದಲ ಹತ್ತು ನಿಮಿಷಕ್ಕೆ 15 ಎಂಎಲ್. ಮಧ್ಯೆ ಮೂರು ಚಮಚ ವೆನಿಲಾ. ಮೊದಲನೇ ಚಮಚಕ್ಕೆ ಮುಖ ಕಿವುಚಿದ, ಎರಡನೇದಕ್ಕೆ ತಾನೇ ಚಮಚ ಹಿಡಿದ. ಇಲ್ಲಿವರೆಗೆ ಓಆರ್‌ಎಸ್ 90 ಎಂಎಲ್, ತಣ್ಣನೆ ಹಾಲು 60.

9:10ಕ್ಕೆ ಬಟ್ಟೆ ಒದ್ದೆ ಆಯಿತು. ಗಾಢ ಹಳದಿ, ವಾಸನೆ ಜೋರು. ಆದರೂ ಆಯಿತಲ್ಲ. ಅತ್ತೆ ಐಸ್‌ಕ್ರೀಮ್ ನೋಡಿ ಒಳಗೆ ಹೋದವರು ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಸಿಸ್ಟರ್ ಧಾರವಾಡ | ರಾತ್ರಿ 10:31

ನಿನ್ನ ಮಗಳಿಗೆ ಒಂದು ಪೇಡೆ ಕೊಡು. ಇವನಿಗೆ ಬೇಡ, ಸಕ್ಕರೆ ಹರಳು ಚುಚ್ಚುತ್ತೆ.

11 ಕೆಜಿ ಮಗುವಿಗೆ ದಿನಕ್ಕೆ ಎಲ್ಲ ಸೇರಿ ಒಂದು ಲೀಟರ್ ಸುತ್ತಮುತ್ತ ಬೇಕು. ಹಾಲು, ಗಂಜಿ, ಎಳನೀರು ಎಲ್ಲ ಲೆಕ್ಕಕ್ಕೆ ಬರುತ್ತೆ. ಈ ಎರಡು ಮೂರು ದಿನ ಅಷ್ಟು ಹೋಗಲ್ಲ, ಹೋಗದಿದ್ದರೂ ನಡೆಯುತ್ತೆ. ಅರ್ಧಕ್ಕಿಂತ ಕಡಿಮೆಯಾದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು. ಮೂರು ನಿಮಿಷಕ್ಕೊಂದು ಟೀ ಚಮಚ ಅಂದರೂ ತಾಸಿಗೆ 100 ಎಂಎಲ್. ಊಟದ ಚಿಂತೆ ಬಿಡು. ಮೂರು ದಿನ ಅನ್ನ ಉಣ್ಣದಿದ್ದರೆ ಏನೂ ಆಗಲ್ಲ, ನೀರು ತಪ್ಪಬಾರದು.

ವಿದ್ಯಾನಗರ ಕಾಕಾ | ಶುಕ್ರವಾರ ಬೆಳಿಗ್ಗೆ 7:50

ಐಬುಪ್ರೊಫೆನ್ ಇನ್ನೂ ಚೆನ್ನಾಗಿ ನೋವು ಇಳಿಸುತ್ತೆ ಅಂತ ನನ್ನ ಅಳಿಯ ಹೇಳ್ತಾನೆ, ಅವನು ಔಷಧಿ ಕಂಪನಿಯಲ್ಲಿ ಕೆಲಸ ಮಾಡೋದು. ಎರಡೂ ಸೇರಿಸಿದ ಸಿರಪ್ ಸಿಗುತ್ತಂತೆ.

ಸಿಸ್ಟರ್ ಧಾರವಾಡ | ಬೆಳಿಗ್ಗೆ 8:20

ಅಳಿಯಂದಿರ ಮಾತಲ್ಲಿ ಹುರುಳಿದೆ, ಗಂಟಲು ನೋವಿಗೆ ಅದು ಕೆಲಸ ಮಾಡುತ್ತೆ. ಆದರೆ ನೀರು ಕುಡಿಯದೆ ಉಚ್ಚೆ ಕಡಿಮೆಯಾದ ಮಗುವಿಗೆ ಅದು ಕಿಡ್ನಿಗೆ ಪೆಟ್ಟು ಕೊಡಬಹುದು. ಖಾಲಿ ಹೊಟ್ಟೆಗೂ ಆಗಲ್ಲ. ಎರಡೂ ಸೇರಿದ ಸಿರಪ್‌ನಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತೆ, ಮನೆಯಲ್ಲಿ ಗೊತ್ತಿಲ್ಲದೆ ಎರಡನ್ನೂ ಕೊಟ್ಟು ಡೋಸ್ ದುಪ್ಪಟ್ಟು ಆಗುತ್ತೆ. ಮಗುವನ್ನು ನೋಡಿದ ಡಾಕ್ಟರು ಬರೆದರೆ ಕೊಡಲಿ.

ಬೆಟಗೇರಿ ಅಕ್ಕ | ಬೆಳಿಗ್ಗೆ 9:15

ಊಟಕ್ಕೆ ಬಂದರೆ ನಾನೂ ಸ್ವಲ್ಪ ಹೇಳಬಹುದು, ನನ್ನ ಮಗಳಿಗೆ ಎರಡು ಸಲ ಬಂದಿದೆ, ಎರಡೂವರೆ ವರ್ಷದವಳಿದ್ದಾಗ ಒಮ್ಮೆ, ನಾಲ್ಕು ವರ್ಷದವಳಿದ್ದಾಗ ಒಮ್ಮೆ. ಒಂದು ಸಲ ಬಂದರೆ ಮತ್ತೆ ಬರಲ್ಲ ಅಂತ ಅಂದುಕೊಂಡಿದ್ದೆ. ವೈರಸ್ ಒಂದೇ ಅಲ್ಲವಂತೆ, ಬೇರೆಯದು ಬಂದರೆ ಮತ್ತೆ ಬರುತ್ತಂತೆ.

ನಮ್ಮ ಮನೇಲಿ ನುಚ್ಚು ಮಜ್ಜಿಗೆ ಕೊಟ್ಟೆ ಮೊದಲು. ತಣ್ಣಗಿದೆಯಲ್ಲ ಅಂತ. ಅದು ದೊಡ್ಡ ತಪ್ಪಾಯಿತು. ನುಚ್ಚು ಕಾಳು ಕಾಳಾಗಿ ಹುಣ್ಣಿಗೆ ಚುಚ್ಚುತ್ತೆ, ಮಜ್ಜಿಗೆ ಹುಳಿ. ಆಮೇಲೆ ಅಕ್ಕಿ, ಹೆಸರುಬೇಳೆ ಹುರಿದು ಪುಡಿ ಮಾಡಿ ತೆಳ್ಳಗೆ ಗಂಜಿ ಮಾಡಿದೆ. ಜರಡಿಯಲ್ಲಿ ಸೋಸಿ, ಅರ್ಧ ಚಮಚ ತುಪ್ಪ ಹಾಕಿ, ಪೂರ್ತಿ ಆರಿಸಿ ಕೊಟ್ಟೆ. ಉಪ್ಪು ಹೆಸರಿಗಷ್ಟೇ. ಅದು ಇಳಿಯಿತು. ಮೊಸರಾದರೆ ಅವತ್ತೇ ಹೆಪ್ಪಾಗಿದ್ದು, ಹುಳಿ ಬರೋ ಮುಂಚೆ. ನಮ್ಮ ಮೊಸರು ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿರುತ್ತೆ, ಸಂಜೆ ನಾಲ್ಕಕ್ಕೆ ಅದನ್ನೇ ಕೊಟ್ಟರೆ ಕೂಸು ಕಿರುಚುತ್ತೆ. ನಾಲಿಗೆಗೆ ಹಚ್ಚಿ ನೋಡಿ ಕೊಡಬೇಕು.

ಇನ್ನೊಂದು ವಿಚಿತ್ರ. ಅವಳಿಗೆ ನೀರಿಗಿಂತ ಗಟ್ಟಿ ಇದ್ದದ್ದೇ ಸುಲಭ ಆಗ್ತಿತ್ತು. ನೀರು ಒಮ್ಮೆಗೇ ಗಂಟಲಿಗೆ ಹೊಡೆಯುತ್ತೆ ಅನ್ನಿಸುತ್ತೆ, ಮೊಸರು ಮೆಲ್ಲಗೆ ಜಾರುತ್ತೆ.

ಹಾವೇರಿ ರೈತ | ಬೆಳಿಗ್ಗೆ 9:40

ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ಸಾರೇ ಇಲ್ಲ. ಕಲಸಿದ ಕೈಯಲ್ಲೇ ಕೂಸಿಗೆ ಉಣಿಸಿದರೂ ಉರಿಯುತ್ತೆ ಅನಿಸುತ್ತೆ. ಕೈ ತೊಳೆದುಕೊಂಡು ಉಣಿಸಿರಿ.

ಸಿಸ್ಟರ್ ಧಾರವಾಡ | ಬೆಳಿಗ್ಗೆ 9:52

ಅಣ್ಣಾರ, ಈ ಮಾತು ನನಗೂ ಹೊಳೆದಿರಲಿಲ್ಲ. ಬೆಟಗೇರಿ ಅಕ್ಕಾರು ಹೇಳಿದ್ದೂ ಸರಿ, ಕೆಲವು ಮಕ್ಕಳಿಗೆ ಗಟ್ಟಿ, ಕೆಲವಕ್ಕೆ ತೆಳ್ಳಗಿನದು ಸೇರುತ್ತೆ. ಎರಡನ್ನೂ ಕೊಟ್ಟು ನೋಡಬೇಕು.

ಸಪ್ತಾಪುರ ಅಪ್ಪ | ಮಧ್ಯಾಹ್ನ 1:05

ಇದು 2022ರಲ್ಲಿ ಕೇರಳದಲ್ಲಿ ಬಂದಿದ್ದ ಟೊಮ್ಯಾಟೊ ಜ್ವರವೇ ಅಲ್ವಾ? ಆಗ ಟಿವಿಯಲ್ಲಿ ಎಷ್ಟು ಹೆದರಿಸಿದ್ದರು. ಕೊನೆಗೆ ಪರೀಕ್ಷೆ ಮಾಡಿದಾಗ ಇದೇ ಕಾಕ್ಸಾಕಿ ಅಂತ ಬಂತು. ಟೊಮ್ಯಾಟೊಗೂ ಅದಕ್ಕೂ ಸಂಬಂಧವಿಲ್ಲ, ಗುಳ್ಳೆ ಕೆಂಪಗೆ ಇರುತ್ತೆ ಅಂತ ಹೆಸರು.

ಆದರೆ ಎಲ್ಲರೂ ಬರೀ ಕುಡಿಸೋದು ಹೇಳ್ತಿದ್ದೀರಿ, ನಮ್ಮ ಅನುಭವ ಬೇರೆ. ಮಗಳಿಗೆ ಮೂರು ವರ್ಷ. ನಾಲ್ಕನೇ ದಿನವೂ ಜ್ವರ 102 ಇತ್ತು. ನಿದ್ದೆ ಹತ್ತುವಾಗ ಕೈ ಕಾಲು ಜುಮ್ಮನೆ ಎಸೆದು ಬೆಚ್ಚುತ್ತಿದ್ದಳು. ಒಂದು ಸಲ ಅಲ್ಲ, ಐದು ನಿಮಿಷಕ್ಕೆ ನಾಲ್ಕೈದು ಸಲ. ಕೆಟ್ಟ ಕನಸು ಅಂದುಕೊಂಡೆವು. ಬೆಳಿಗ್ಗೆ ನಡೆಯುವಾಗ ಕುಡಿದವರ ಹಾಗೆ ತೂರಾಡಿದಳು. ಅಡ್ಮಿಟ್ ಮಾಡಿದರು, ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಚೆನ್ನಾಗಿದ್ದಾಳೆ.

ಸಿಸ್ಟರ್ ಧಾರವಾಡ | ಮಧ್ಯಾಹ್ನ 1:30

ನೀವು ಹೋಗಿದ್ದು ಒಳ್ಳೇದಾಯಿತು. ನೂರರಲ್ಲಿ ಬಹುಪಾಲು ಮಕ್ಕಳಿಗೆ ಹೀಗಾಗಲ್ಲ, ಆದರೆ ಎಂಟರೋವೈರಸ್ 71 ಅಂತ ಒಂದು ತಳಿ ಇದೆ, ಅದು ಕೆಲವೊಮ್ಮೆ ಮೆದುಳಿಗೆ ಹೋಗುತ್ತೆ. ಆಗ ಹುಣ್ಣು ಎಷ್ಟಿದೆ ಅನ್ನೋದು ಮುಖ್ಯವಲ್ಲ. ಹುಣ್ಣು ಕಡಿಮೆ ಇದ್ದೂ ಮಗುವಿನ ಸ್ಥಿತಿ ಕೆಟ್ಟಿರಬಹುದು. ಮೂರು ದಿನ ಮೀರಿದ ಜ್ವರ, ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚೋದು, ತೂರಾಟ, ಬಿಡದ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಉಸಿರು ಜೋರು, ಕೈ ಕಾಲು ತಣ್ಣಗಾಗೋದು. ಇದರಲ್ಲಿ ಒಂದು ಕಂಡರೂ ಚಮಚ ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ, ರಾತ್ರಿ ಎರಡಾದರೂ ಸರಿ.

ಕೇಶ್ವಾಪುರದ ಅಮ್ಮ | ಶುಕ್ರವಾರ ರಾತ್ರಿ 9:45

ಬೆಚ್ಚೋದು ಓದಿದ ಮೇಲೆ ಮಧ್ಯಾಹ್ನ ಅವನು ಮಲಗಿದಾಗ ಪಕ್ಕದಲ್ಲೇ ಕೂತು ನೋಡಿದೆ. ಒಂದು ಸಲ ಬೆಚ್ಚಿದ, ಅದೂ ಕೆಳಗಡೆ ಆಟೋ ಹಾರ್ನ್ ಹೊಡೆದಾಗ. ಅದು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೇನೆ.

ಇವತ್ತಿನ ಲೆಕ್ಕ ಹಾಲಿನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಹಾಲು 280, ಓಆರ್‌ಎಸ್ 190, ಎಳನೀರು 90, ಸೋಸಿದ ಗಂಜಿ 120, ಸಿಹಿ ಮೊಸರು ಎರಡು ವಾಟಿ. ಎಲ್ಲ ಸೇರಿ 750 ಹತ್ತಿರ. ಉಚ್ಚೆ ನಾಲ್ಕು ಸಲ, ಈಗ ಬಣ್ಣ ತಿಳಿಯಾಗಿದೆ. ಜ್ವರ ಸಂಜೆಯಿಂದ ಇಲ್ಲ.

ಕೆಟ್ಟ ಹೊತ್ತು ಅಂದರೆ ಬೆಳಗಿನ ಜಾವ. ಸಿರಪ್ ಶಕ್ತಿ ಇಳಿದಿರುತ್ತೆ, ಬಾಯಿ ಒಣಗಿರುತ್ತೆ, ಎದ್ದ ಕೂಡಲೇ ಎಂಜಲು ನುಂಗೋಕೂ ಆಗದೆ ಅಳ್ತಾನೆ. ಇವತ್ತು 1:40ಕ್ಕೆ ಒಂದು ಡೋಸ್ ಕೊಟ್ಟಿದ್ದೆ. 7:40ರವರೆಗೆ ಕಾಯೋದು ಬಹಳ ಕಷ್ಟ ಆಯಿತು. ಐಸ್ ಪುಡಿ ನೆಕ್ಕಿಸುತ್ತಾ ಕಾಲ ತಳ್ಳಿದೆ.

ಅಂಗಡಿಯಲ್ಲಿ ರೆಡಿ ಡಬ್ಬಿ ಡ್ರಿಂಕ್ ಕೂಡ ಓಆರ್‌ಎಸ್ ಥರವೇ ಅಂತ ಕೊಡೋಕೆ ಬಂದರು. ಹಿಂದೆ ತಿರುಗಿಸಿ ನೋಡಿದರೆ ಬರೀ ಸಕ್ಕರೆ. ಬೇಡ ಅಂದು ಪುಡಿಯನ್ನೇ ತಂದೆ.

ಸಿಸ್ಟರ್ ಧಾರವಾಡ | ರಾತ್ರಿ 10:02

ಒಳ್ಳೇದು ಮಾಡಿದೆ. ಅಂಥ ಸಕ್ಕರೆ ನೀರಿಗೆ ಓಆರ್‌ಎಸ್ ಅಂತ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶವೇ ಮಾಡಿದೆ. ಪುಡಿ ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಅಂತ ಇರೋದನ್ನೇ ತಗೋಬೇಕು.

ಬೆಳಗಿನ ಜಾವಕ್ಕೆ ನೀನು ಮಾಡಿದ್ದೇ ಸರಿ. ಡೋಸ್ ಮುಂಚೆ ಕೊಡಬೇಡ. ಬೇಕಾದರೆ ರಾತ್ರಿ ಡೋಸನ್ನೇ ಸ್ವಲ್ಪ ತಡ ಮಾಡಿ ಜಾವಕ್ಕೆ ಹೊಂದಿಸು.

ನವನಗರ ಹೊಸ ಅಮ್ಮ | ಶನಿವಾರ ಬೆಳಿಗ್ಗೆ 8:10

ರಾತ್ರಿ ಮೂರಕ್ಕೆ ಪಾಪು ಅರೆನಿದ್ದೆಯಲ್ಲಿ ಹತ್ತು ನಿಮಿಷ ಎದೆಹಾಲು ಕುಡಿಯಿತು ಸಿಸ್ಟರ್. ಒಳಲೆ ನಮ್ಮ ಮನೇಲಿ ಇರಲಿಲ್ಲ, ಪಕ್ಕದ ಮನೆ ಅಜ್ಜಿ ಕೊಟ್ಟರು. ಬೆಳ್ಳಿದು!

ಬೆಟಗೇರಿ ಅಕ್ಕ | ಶನಿವಾರ ಬೆಳಿಗ್ಗೆ 8:30

ಇನ್ನೊಂದು ಹೇಳೋಕೆ ಮರೆತೆ. ವಾಸಿಯಾಗಿ ತಿಂಗಳು ಕಳೆದ ಮೇಲೆ ನನ್ನ ಮಗಳ ಉಗುರು ಬುಡದಿಂದ ಸುಲಿದು ಬಂತು, ಕೈದು ಮೂರು, ಕಾಲಿನದು ಎರಡು. ನಾವು ಹೆದರಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿದ ಕೂಡಲೇ, ಹೋದ ತಿಂಗಳು ಬಾಯಿ ಹುಣ್ಣಾಗಿತ್ತಾ ಅಂದರು. ನೋವಿರಲಿಲ್ಲ, ಹೊಸ ಉಗುರು ತಾನಾಗೇ ಬಂತು.

ಕೇಶ್ವಾಪುರದ ಅಮ್ಮ | ಭಾನುವಾರ ಸಂಜೆ 5:30

ಇವತ್ತು ಮಧ್ಯಾಹ್ನ ಮೆತ್ತನೆ ಮೊಸರನ್ನ ಅರ್ಧ ವಾಟಿ ತಿಂದ. ಟಾರ್ಚ್ ಹಾಕಿದರೆ ಗಂಟಲಲ್ಲಿ ಎರಡು ಹುಣ್ಣು ಮಾಸಲಾಗಿ ಕಾಣುತ್ತೆ, ನಾಲಿಗೆದು ಹೋಗಿದೆ. ಸಿರಪ್ ನಿನ್ನೆ ರಾತ್ರಿಯಿಂದ ಕೊಟ್ಟಿಲ್ಲ. ನೀಲಿ ಗ್ಲಾಸು ಮಾತ್ರ ಈಗಲೂ ಮುಟ್ಟುತ್ತಿಲ್ಲ, ನಿನ್ನೆ ಅದನ್ನು ಬಚ್ಚಲಿಗೆ ಎಸೆದು ಬಂದ.

ಪ್ಲೇಹೋಮ್‌ನವರು ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಎರಡು ವಾರ ಕಳಿಸಬೇಡಿ ಅಂತಿದ್ದಾರೆ. ಡಾಕ್ಟರು ಜ್ವರ ಹೋಗಿ ಗುಳ್ಳೆ ಒಣಗಿದರೆ ಸಾಕು ಅಂದರು. ಯಾರ ಮಾತು ಕೇಳಲಿ?

ಸಪ್ತಾಪುರ ಅಪ್ಪ | ಸಂಜೆ 5:48

ನಮ್ಮವರು ಹತ್ತು ದಿನ ಅಂದಿದ್ದರು. ಒಬ್ಬೊಬ್ಬರದು ಒಂದೊಂದು ನಿಯಮ.

ವಿದ್ಯಾನಗರ ಕಾಕಾ | ಸಂಜೆ 5:55

ಸ್ಯಾನಿಟೈಸರ್ ಒಂದು ಬಾಟಲಿ ಕೊಟ್ಟು ಕಳಿಸಿ, ಮುಗೀತು.

ಸಿಸ್ಟರ್ ಧಾರವಾಡ | ಸಂಜೆ 6:20

ಕಾಕಾ, ಈ ವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ. ಸೋಪು ಹಾಕಿ ತಿಕ್ಕಿ ತೊಳೆಯಬೇಕು, ಅದರಲ್ಲೂ ಕಕ್ಕ ತೊಳೆಸಿದ ಮೇಲೆ.

ತಂಗಿ, ಮೊದಲ ವಾರ ಹರಡೋದು ಜಾಸ್ತಿ. ಆಮೇಲೂ ಮಲದಲ್ಲಿ ವೈರಸ್ ವಾರಗಟ್ಟಲೆ ಇರುತ್ತೆ. ಆ ಲೆಕ್ಕ ಹಿಡಿದರೆ ಎರಡು ವಾರಕ್ಕೂ ಪೂರ್ತಿ ಮುಗಿಯಲ್ಲ, ಅಷ್ಟು ದಿನ ಯಾವ ಮಗುವನ್ನೂ ಮನೆಯಲ್ಲಿ ಇಡೋಕಾಗಲ್ಲ. ನಾನಾದರೆ ಡಾಕ್ಟರ ಮಾತು ಕೇಳ್ತೀನಿ. ಪ್ಲೇಹೋಮ್‌ನವರ ಬಾಗಿಲು ಅವರದ್ದು, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಕೇಶ್ವಾಪುರದ ಅಮ್ಮ | ಸೋಮವಾರ ಬೆಳಿಗ್ಗೆ 6:50

ಮಗಳು ಎದ್ದವಳೇ ಗಂಟಲು ಚುಚ್ಚುತ್ತೆ ಅಂದಳು. ಮೈ ಬೆಚ್ಚಗಿದೆ. ಟಾರ್ಚ್ ಹಾಕಿದೆ, ಕಿರುನಾಲಿಗೆ ಪಕ್ಕ ಒಂದು ಕೆಂಪು ಚುಕ್ಕೆ. ತೂಕದ ಮಷಿನ್ ಮೇಲೆ ನಿಲ್ಲಿಸಿದೆ, 17 ಕೆಜಿ. ಕ್ಲಿನಿಕ್ ಹತ್ತಕ್ಕೆ ತೆರೆಯುತ್ತೆ, ಈ ಸಲ ಡೋಸ್ ಕೇಳಿಕೊಂಡೇ ಬರ್ತೀನಿ. ಅತ್ತೆ ಆಗಲೇ ಅಕ್ಕಿ ಹೆಸರುಬೇಳೆ ಹುರಿಯೋಕೆ ಇಟ್ಟಿದ್ದಾರೆ. ಐಸ್‌ಕ್ರೀಮ್ ಎಷ್ಟು ಕಪ್ ತರಿಸಲಿ ಅಂತ ಅವರೇ ಕೇಳಿದರು.